‘ಅಡ್ಡಿಲ್ರೀ’ ಅಂದ ಭಾವ: ಸಂಗೀತ್ ಸಂಜೆಯಲ್ಲಿ ಎಷ್ಟು ಕಾಲೆಳೆಯಬಹುದು?

ಪ್ರಶ್ನೆ: ನಾವು ಮೈಸೂರಿನವರು. ಮುಂದಿನ ತಿಂಗಳು ಬೆಂಗಳೂರಿನಲ್ಲಿ ನನ್ನ ಅಕ್ಕನ ಮದುವೆ. ಭಾವನ ಕಡೆಯವರು ಧಾರವಾಡದವರು. ಸಂಗೀತ್‌ಗೆ ಒಂದು ಹಾಡು, ಒಂದು ಸ್ಕಿಟ್ ಬರೆಯುವ ಕೆಲಸ ನನ್ನ ತಲೆಗೆ ಬಂದಿದೆ. ಭಾವನ ಸ್ನೇಹಿತರು ಒಂದು ಪಟ್ಟಿ ಕಳಿಸಿದ್ದಾರೆ: ಅಕ್ಕನಿಗಿಂತ ಮುಂಚೆ ಏಳು ಹುಡುಗಿಯರು ಒಪ್ಪಲಿಲ್ಲ, ಎಂಟು ತಿಂಗಳು ಕೆಲಸ ಇರಲಿಲ್ಲ, ಕೂದಲು ಉದುರುತ್ತಿದೆ, ಎಲ್ಲಿಗೆ ಕರೆದರೂ ‘ಐದೇ ನಿಮಿಷ’ ಅಂತ ಹೇಳಿ ಒಂದು ಗಂಟೆ ತಡ ಮಾಡ್ತಾರೆ. ಅಕ್ಕ ಡ್ರೈವಿಂಗ್ ಟೆಸ್ಟಲ್ಲಿ ಮೂರು ಸಲ ಫೇಲ್, ಅದನ್ನ ಅವಳೇ ಹೇಳಿಕೊಂಡು ನಗ್ತಾಳೆ. ಮನೆ ಬೀಗ ಹಾಕಿದ ಮೇಲೆ ಗ್ಯಾಸ್ ಆಫ್ ಮಾಡಿದ್ದೀನಾ ಅಂತ ಮತ್ತೆ ಒಳಗೆ ಹೋಗ್ತಾಳೆ. ಭಾವ ಮೊದಲ ಸಲ ಊಟಕ್ಕೆ ಬಂದಾಗ ಎಲ್ಲದಕ್ಕೂ ‘ಅಡ್ಡಿಲ್ರೀ’ ಅಂದು ಅಮ್ಮನಿಗೆ ಬೇಜಾರಾಗಿತ್ತು. ನಾನು ‘ಏಳು ಹುಡುಗೀರು ಒಲ್ಲೆ ಅಂದ್ರು, ಅಕ್ಕ ಪಾಪ ಹೂಂ ಅಂದ್ಲು’ ಅಂತ ಒಂದು ಸಿನಿಮಾ ಹಾಡಿನ ಧಾಟಿಗೆ ಬರೆದೆ. ಸ್ನೇಹಿತರು ಬಿದ್ದು ಬಿದ್ದು ನಕ್ಕರು, ಅಮ್ಮ ನಗಲಿಲ್ಲ. ‘ಹಿಂದಿನವರು ಬೀಗರನ್ನ ಇದಕ್ಕಿಂತ ಜಾಸ್ತಿ ಜರೀತಿದ್ರು, ಹಾಡು’ ಅಂತಾರೆ ಸೋದರಮಾವ. ಏನು ಮಾಡಲಿ?

ಉತ್ತರ: ನಿಮ್ಮ ಆ ಎರಡು ಸಾಲಿನಿಂದಲೇ ಶುರು ಮಾಡೋಣ. ಭಾವನ ಸ್ನೇಹಿತರು ನಕ್ಕರು ಅಂದಿರಿ. ನಗಲೇಬೇಕು. ಪ್ರತಿ ಸಲ ಹುಡುಗಿ ನೋಡಿ ಬಂದಾಗಲೂ ಅವರು ಜೊತೆಗಿದ್ದರು, ಅವನ ಪೇಚಾಟವನ್ನೆಲ್ಲ ಕೇಳಿದ್ದರು. ಅವರ ಪಾಲಿಗೆ ಅದು ಕಳೆದುಹೋದ ಕಾಲದ ಕಥೆ. ಈಗ ಅದೇ ಸಾಲನ್ನು ನಿಮ್ಮ ದೊಡ್ಡಮ್ಮ ಕೇಳುವುದನ್ನು ಊಹಿಸಿಕೊಳ್ಳಿ. ಆಕೆ ಹುಡುಗನನ್ನು ನೋಡುತ್ತಿರುವುದೇ ಅವತ್ತು. ಆಕೆಯ ಕಿವಿಗೆ ಬೀಳುವುದು ತಮಾಷೆಯಲ್ಲ, ಸುದ್ದಿ. ‘ಏಳು ಜನ ಬೇಡ ಅಂದ್ರಂತೆ, ಯಾಕಂತೆ?’ ಅಂತ ಪಕ್ಕದವರನ್ನು ಕೇಳುತ್ತಾರೆ. ಮುಂದಿನ ಸಾಲಿನಲ್ಲಿ ಕೂತ ಭಾವನ ತಾಯಿಗೆ, ತಮ್ಮ ಮಗನನ್ನು ಬೇಡವೆಂದ ಸಂಗತಿ ಬೀಗರೆದುರು ಮೈಕಿನಲ್ಲಿ ಬಂದ ಹಾಗಾಗುತ್ತದೆ. ಆಮೇಲೆ ಆ ‘ಪಾಪ’. ಆ ಎರಡಕ್ಷರದಿಂದ ನಿಮ್ಮ ಅಕ್ಕ ಬೇರೆ ಗತಿಯಿಲ್ಲದೆ ಒಪ್ಪಿದವಳಾಗುತ್ತಾಳೆ, ಭಾವ ಯಾರಿಗೂ ಬೇಡವಾದವನಾಗುತ್ತಾನೆ. ಅಮ್ಮ ನಗದೇ ಇದ್ದದ್ದು ಇದಕ್ಕೇ.

ಮದುವೆ ಮನೆಗಳಿಗೆ ಹಾಡು, ಸ್ಕಿಟ್ ಬರೆದುಕೊಡುತ್ತಾ ನನಗೆ ಗಟ್ಟಿಯಾಗಿರುವ ಮಾತು ಇದೊಂದೇ: ಸಂಗೀತ್‌ನ ಹಾಲಿನಲ್ಲಿ ಅರ್ಧ ಜನಕ್ಕೆ ಹುಡುಗನ ಪರಿಚಯ ಇರುವುದಿಲ್ಲ, ಇನ್ನರ್ಧಕ್ಕೆ ಹುಡುಗಿಯ ಪರಿಚಯ ಇರುವುದಿಲ್ಲ. ಹಿನ್ನೆಲೆ ಗೊತ್ತಿದ್ದವರಿಗೆ ಹಾಸ್ಯವಾದದ್ದು ಗೊತ್ತಿಲ್ಲದವರಿಗೆ ಮಾಹಿತಿಯಾಗುತ್ತದೆ. ಮುಜುಗರ ಹುಟ್ಟುವುದು ಮಾತು ಒರಟಾಗಿರುವುದರಿಂದ ಅಲ್ಲ, ಹೊಸ ಸುದ್ದಿ ಹೊರಬೀಳುವುದರಿಂದ. ಸೌಮ್ಯವಾಗಿ ಹೇಳಿದರೂ ಸುದ್ದಿ ಸುದ್ದಿಯೇ.

ನನ್ನಿಂದಲೇ ಒಮ್ಮೆ ಇಂಥದ್ದು ಆಗಿದೆ. ಶುರುವಿನ ದಿನಗಳಲ್ಲಿ ಒಂದು ಮದುವೆಗೆ ಬರೆದ ಸ್ಕಿಟ್‌ನಲ್ಲಿ ಹುಡುಗ ಲ್ಯಾಪ್‌ಟಾಪ್ ಮುಂದೆ ಮಲಗಿ ಸಂದರ್ಶನ ಕೊಡುವ ದೃಶ್ಯ ಇಟ್ಟಿದ್ದೆ. ಕೆಲಸವಿಲ್ಲದೆ ಮನೆಯಲ್ಲಿದ್ದ ತಿಂಗಳುಗಳ ತಮಾಷೆ ಅದು, ಹುಡುಗನ ತಮ್ಮನೇ ಹೇಳಿದ್ದು. ಹುಡುಗಿಯ ತಂದೆಗೆ ಆ ವಿಷಯ ಗೊತ್ತಿರಲಿಲ್ಲ. ಹಾಲ್ ನಗುತ್ತಿತ್ತು, ಆತ ಮಾತ್ರ ಬಗ್ಗಿ ಹೆಂಡತಿಯನ್ನು ಏನೋ ಕೇಳಿದರು, ಆಕೆ ತಲೆ ಅಲ್ಲಾಡಿಸಿದರು. ನಾನು ವೇದಿಕೆಯ ಪಕ್ಕದಿಂದ ಅದನ್ನು ನೋಡಿದೆ. ಮದುವೆ ನಡೆಯಿತು, ಇಬ್ಬರೂ ಚೆನ್ನಾಗಿದ್ದಾರೆ. ಆದರೆ ಆ ರಾತ್ರಿ ಆ ತಂದೆ ಊಟಕ್ಕೆ ಕೂರಲಿಲ್ಲ. ನಿಮ್ಮ ಪಟ್ಟಿಯಲ್ಲಿರುವ ಎಂಟು ತಿಂಗಳನ್ನು ನೋಡಿದ ಕೂಡಲೇ ನನಗೆ ನೆನಪಾದದ್ದು ಅವರ ಮುಖ. ಅದನ್ನು ತೆಗೆದುಬಿಡಿ. ಏಳು ಹುಡುಗಿಯರನ್ನೂ ತೆಗೆದುಬಿಡಿ.

ಈಗ ನಿಮ್ಮ ಸೋದರಮಾವನ ಮಾತು. ಬೀಗರನ್ನು ಜರೆಯುವ ಹಾಡು ನಮ್ಮಲ್ಲಿ ಇತ್ತು, ಖಾರವಾಗಿಯೇ ಇತ್ತು. ಉರುಟಣೆಯಲ್ಲಿ, ಬೀಗರ ಊಟದ ಪಂಕ್ತಿಯಲ್ಲಿ ಹೆಂಗಸರು ಹಾಡುತ್ತಿದ್ದರು. ಸಂಗೀತ್ ನಮಗೆ ಬಂದದ್ದು ಉತ್ತರದಿಂದ, ಪಂಜಾಬಿನಲ್ಲಿಯೂ ಹೆಣ್ಣಿನ ಕಡೆಯ ಹೆಂಗಸರು ಗಂಡಿನ ಕಡೆಯವರನ್ನು ಜರೆಯುವ ‘ಸಿಠ್ಣಿ’ ಹಾಡುಗಳಿವೆ. ಮಾವ ಹೇಳುವುದು ಅಷ್ಟರ ಮಟ್ಟಿಗೆ ನಿಜ. ಆದರೆ ಆ ಹಾಡುಗಳು ಯಾರನ್ನು ಜರೆಯುತ್ತಿದ್ದವು ಅಂತ ಒಮ್ಮೆ ಗಮನಿಸಿ. ‘ಬೀಗಿತ್ತಿ ಹೋಳಿಗೆ ಬುಟ್ಟಿಯನ್ನೇ ಖಾಲಿ ಮಾಡಿದಳು’ ಅನ್ನುವ ತರಹದ ಮಾತು ಆ ಮನೆಯ ಬೀಗಿತ್ತಿಗೂ ಹೊಂದುತ್ತದೆ, ಈ ಮನೆಯ ಬೀಗಿತ್ತಿಗೂ ಹೊಂದುತ್ತದೆ. ಅಲ್ಲಿ ಏಟು ಬೀಳುವುದು ಬೀಗಿತ್ತಿ ಎಂಬ ಸ್ಥಾನಕ್ಕೆ, ಆ ಹೆಂಗಸಿನ ಸ್ವಂತ ಬದುಕಿಗಲ್ಲ. ಅದೂ ಅಲ್ಲದೆ ಈ ಕಡೆಯವರು ಒಂದು ಹಾಡಿದರೆ ಆ ಕಡೆಯವರು ಅಲ್ಲೇ ಎದ್ದು ತಿರುಗಿ ಹಾಡುತ್ತಿದ್ದರು. ಮೈಕಿರಲಿಲ್ಲ, ಮೊಬೈಲಿನಲ್ಲಿ ಹಿಡಿದು ಗ್ರೂಪಿಗೆ ಹಾಕುವವರಿರಲಿಲ್ಲ. ಇವತ್ತು ನಾವು ಮಾಡುತ್ತಿರುವುದು ಹೆಸರು ಹೇಳಿ, ಒಬ್ಬನ ನಿಜವಾದ ಕಷ್ಟ ಎತ್ತಿ, ತಿರುಗಿ ಮಾತಾಡಲು ಅವನಿಗೆ ಜಾಗವೇ ಕೊಡದೆ ಹಾಡುವುದು. ಹಳೆಯ ಖಾರವನ್ನು ತರುವುದಾದರೆ ಹಳೆಯ ಆ ಎರಡು ಕಟ್ಟುಪಾಡನ್ನೂ ತನ್ನಿ: ಎಲ್ಲರಿಗೂ ಹೊಂದುವ ತಪ್ಪು, ತಿರುಗಿ ಹಾಡುವ ಅವಕಾಶ.

‘ಭಾವನೇ ನಗ್ತಾ ಇದ್ದಾರಲ್ಲ’ ಅಂತ ಯಾರಾದರೂ ಹೇಳಿದರೆ ಅದನ್ನೂ ಒಪ್ಪಬೇಡಿ. ಇನ್ನೂರು ಜನರ ಮುಂದೆ ಕುರ್ಚಿ ಹಾಕಿ ಕೂರಿಸಿದಾಗ ಮದುಮಗ ನಗದೆ ಇನ್ನೇನು ಮಾಡಿಯಾನು?

ಪಟ್ಟಿಯಲ್ಲಿ ಉಳಿದದ್ದನ್ನು ನೋಡೋಣ. ಕೂದಲು ಬೇಡ. ಎಲ್ಲರಿಗೂ ಕಾಣುವಂಥದ್ದು ತಾನೇ, ಸುದ್ದಿಯೇನಲ್ಲವಲ್ಲ ಅನ್ನಬಹುದು. ಆದರೆ ಅದು ಅವನು ಮಾಡಿದ್ದಲ್ಲ, ಅವನಿಗೆ ಆದದ್ದು. ಮಾಡುವುದರ ಬಗ್ಗೆ ನಗಬಹುದು, ನಾಳೆಯಿಂದ ಬಿಡಬೇಕೆಂದರೆ ಬಿಡಬಹುದಾದ ಚಟ ಅದು. ಆದದ್ದರ ಬಗ್ಗೆ ನಕ್ಕರೆ ಅವನು ಏನು ಮಾಡಬೇಕು? ಮೈಬಣ್ಣ, ದಪ್ಪ, ಎತ್ತರ, ವಯಸ್ಸಿನ ಅಂತರ ಎಲ್ಲಕ್ಕೂ ಇದೇ ಮಾತು. ಅಕ್ಕನ ಡ್ರೈವಿಂಗ್ ಟೆಸ್ಟ್ ಸ್ವಲ್ಪ ಬೇರೆ. ಅದನ್ನು ಅವಳೇ ಹೇಳಿಕೊಂಡು ನಗುತ್ತಾಳೆ ಅಂದಿರಿ. ಯಾರ ಹತ್ತಿರ ಹೇಳಿಕೊಂಡು? ಸಹೋದ್ಯೋಗಿಗಳ ಹತ್ತಿರವಾದರೆ ಸಾಲದು. ಅತ್ತೆಯಾಗುವವರ ಮುಂದೆ, ಮಾವನ ಮುಂದೆ ಒಮ್ಮೆಯಾದರೂ ತಾನಾಗಿ ಹೇಳಿದ್ದರೆ ಮಾತ್ರ ಬಳಸಿ. ‘ಐದೇ ನಿಮಿಷ’ ಮತ್ತು ಗ್ಯಾಸ್ ಬೀಗ ಎರಡೂ ಸೊಗಸಾಗಿವೆ. ಹಾಲಿನಲ್ಲಿ ಕೂತವರಲ್ಲಿ ಅರ್ಧ ಜನ ಅದೇ ಚಟದವರು, ಭಾವನ ಪರಿಚಯವಿಲ್ಲದ ದೊಡ್ಡಮ್ಮನೂ ತನ್ನ ಗಂಡನ ಕಡೆ ತಿರುಗಿ ನಗುತ್ತಾರೆ. ಇವೆರಡರಿಂದಲೇ ಒಂದು ಹಾಡು ಆಗುತ್ತದೆ. ನಾನು ಬರೆದರೆ ಹೀಗೆ ಬರೆಯುತ್ತೇನೆ:

ಐದೇ ನಿಮಿಷಾ, ಬಂದೇ ಬಿಟ್ಟೇ
ಅಂದರು ನಮ್ಮಾ ಧಾರ್ವಾಡ್ ಭಾವಾ
ಕಾಫೀ ಆರಿತು, ದೋಸೇ ಆರಿತು
ಅಕ್ಕನ ಕೋಪಾ ಆರಲೆ ಇಲ್ಲಾ!

ಬೀಗಾ ಹಾಕೀ ಗೇಟಿನ ವರೆಗೂ
ಬಂದಳು ನಮ್ಮಾ ಮೈಸೂರ್ ಅಕ್ಕಾ
ಗ್ಯಾಸಿನ ಚಿಂತೇ, ಗೀಸರ್ ಚಿಂತೇ
ಭಾವಗೆ ಸಿಕ್ಕಿತು ಐದೇ ನಿಮಿಷಾ!

ಇದರಲ್ಲಿ ನಾನು ಏನು ಮಾಡಿದ್ದೇನೆ ಅಂತ ಹೇಳುತ್ತೇನೆ, ಉಳಿದ ಚರಣಗಳನ್ನು ನೀವೇ ಕಟ್ಟಬಹುದು. ಮೊದಲ ಚರಣ ಭಾವನದು, ಎರಡನೆಯದು ಅಕ್ಕನದು. ಒಬ್ಬರಿಗೆ ಎಷ್ಟು ಸಾಲು ಸಿಕ್ಕಿತೋ ಇನ್ನೊಬ್ಬರಿಗೂ ಅಷ್ಟೇ. ಬರೆಯುವವರು ಹೆಣ್ಣಿನ ಕಡೆಯವರಾದಾಗ ಈ ಲೆಕ್ಕ ತಪ್ಪುತ್ತದೆ, ಬೀಗರು ಅದನ್ನು ಎಣಿಸುತ್ತಾರೆ. ಕೊನೆಯ ಸಾಲಿನಲ್ಲಿ ಅವಳ ಚಟದಿಂದ ಅವನ ಚಟಕ್ಕೆ ಬಿಡುವು ಸಿಗುತ್ತದೆ. ಅವಳು ಒಳಗೆ ಹೋಗಿ ಬರುವಷ್ಟರಲ್ಲಿ ಅವನು ಬಂದು ತಲುಪುತ್ತಾನೆ, ಅಂದರೆ ಇಬ್ಬರ ಕುಂದೂ ಸೇರಿ ಒಂದು ಜೋಡಿಯಾಯಿತು. ಹಾಡು ಇಬ್ಬರನ್ನೂ ಬೇರೆ ಬೇರೆ ಜರೆದು ಅಲ್ಲಿಗೇ ನಿಂತಿದ್ದರೆ ಅದು ಬರೀ ದೂರಿನ ಪಟ್ಟಿಯಾಗುತ್ತಿತ್ತು.

ಧಾಟಿಯ ಲೆಕ್ಕ ಸುಲಭ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಸೊನ್ನೆ ಇರುವ ಅಕ್ಷರಕ್ಕೂ ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಎರಡು. ಪ್ರತಿ ಸಾಲಿನಲ್ಲಿ ನಾಲ್ಕು ಮಾತ್ರೆಯ ನಾಲ್ಕು ಗಣ, ಒಟ್ಟು 16 ಮಾತ್ರೆ. ‘ಐದೇ’ ನಾಲ್ಕು, ‘ನಿಮಿಷಾ’ ನಾಲ್ಕು, ‘ಬಂದೇ’ ನಾಲ್ಕು, ‘ಬಿಟ್ಟೇ’ ನಾಲ್ಕು. ಚಪ್ಪಾಳೆ ತಟ್ಟುತ್ತಾ ಓದಿದರೆ ಗಣಕ್ಕೊಂದು ಚಪ್ಪಾಳೆ ಬೀಳಬೇಕು. ಸಿನಿಮಾ ಹಾಡಿನ ಧಾಟಿಗೇ ಕೂರಿಸುವುದಾದರೆ ಮೂಲ ಹಾಡಿನ ಮಾತುಗಳನ್ನು ಹೀಗೆ ಎಣಿಸಿ, ಎಲ್ಲಿ ದೀರ್ಘ ಇದೆಯೋ ಅಲ್ಲಿ ನಿಮ್ಮ ಮಾತಿನಲ್ಲೂ ದೀರ್ಘವೋ ಒತ್ತಕ್ಷರದ ಹಿಂದಿನ ಅಕ್ಷರವೋ ಬರುವಂತೆ ನೋಡಿಕೊಳ್ಳಿ. ಮನೆಯವರೇ ಬರೆದ ಹಾಡುಗಳು ಹೆಚ್ಚಾಗಿ ಎಡವುವುದು ಇಲ್ಲಿ. ಕನ್ನಡದಲ್ಲಿ ಹ್ರಸ್ವವನ್ನು ಎಳೆದರೆ ಮಾತೇ ಬೇರೆಯಾಗುತ್ತದೆ. ಎಳೆಯುವ ಜಾಗದಲ್ಲಿ ‘ಬಳೆ ತಂದರು’ ಅಂತ ಬರೆದರೆ ಹಾಲಿಗೆ ಕೇಳುವುದು ‘ಬಾಳೆ ತಂದರು’. ‘ನಡು’ ಎಳೆದರೆ ‘ನಾಡು’, ‘ಬಲ’ ಎಳೆದರೆ ‘ಬಾಲ’. ಪದದ ಕೊನೆಯ ಅಕ್ಷರ ಎಳೆದರೆ ಅಷ್ಟು ತೊಂದರೆಯಿಲ್ಲ, ಜನಪದ ಹಾಡಿನಲ್ಲಿ ಕಿವಿಗೆ ಅದು ರೂಢಿಯಾಗಿದೆ. ಅದಕ್ಕೇ ನಾನು ‘ನಿಮಿಷಾ’, ‘ಭಾವಾ’, ‘ಇಲ್ಲಾ’ ಅಂತ ಕೊನೆಯಲ್ಲಿ ಎಳೆದಿದ್ದೇನೆ.

ನಗೆಯ ಮಾತು ಚರಣದ ಕೊನೆಯ ಸಾಲಿನಲ್ಲೇ ಇರಲಿ. ಅದು ಮುಗಿದ ಮೇಲೆ ಹಾಡು ನಿಲ್ಲಿಸಿ ಒಂದು ಆವರ್ತ ಬರೀ ತಾಳ ಬಿಡಿ. ನಗು ಏಳುವುದಕ್ಕೆ ಅಷ್ಟು ಹೊತ್ತು ಬೇಕು. ಬಿಡದಿದ್ದರೆ ಮುಂದಿನ ಚರಣದ ಮೊದಲ ಸಾಲು ನಗುವಿನಲ್ಲಿ ಮುಳುಗುತ್ತದೆ, ಹಿನ್ನೆಲೆ ಗೊತ್ತಾಗದೆ ಎರಡನೇ ನಗು ಬರುವುದೇ ಇಲ್ಲ. ಮೂರು ಚರಣ ಸಾಕು, ನಾಲ್ಕಾದರೆ ಜನ ಊಟದ ಕಡೆ ನೋಡುತ್ತಾರೆ.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ, ಎಲ್ಲರೂ ಕೇಳುವುದರಿಂದ. ಮದುವೆಗೆ ಸೇರಿದ ಸಮಾರಂಭದಲ್ಲಿ ಹಾಡು ನುಡಿಸುವುದಕ್ಕೆ, ಹಾಡುವುದಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ವಿನಾಯಿತಿ ಇದೆ. ಅದೇ ವಿಡಿಯೊವನ್ನು ಯೂಟ್ಯೂಬಿಗೆ ಹಾಕಿದರೆ ಆ ವಿನಾಯಿತಿಯ ಮೇಲೆ ನಂಬಿಕೆ ಇಟ್ಟುಕೊಳ್ಳಬೇಡಿ. ಸ್ವಂತ ಧಾಟಿ ಕಟ್ಟಿಕೊಂಡರೆ ಆ ತಲೆನೋವೂ ಇಲ್ಲ.

ಸ್ಕಿಟ್‌ಗೆ ನಿಮ್ಮ ಹತ್ತಿರ ಚಿನ್ನದಂಥ ವಸ್ತು ಇದೆ. ಪತ್ರದಲ್ಲಿ ಅದನ್ನು ಕೊನೆಗೆ ಒಂದು ಸಾಲಿನಲ್ಲಿ ಹೇಳಿ ಬಿಟ್ಟಿದ್ದೀರಿ. ‘ಅಡ್ಡಿಲ್ರೀ.’ ಮೈಸೂರಿನ ಕಿವಿಗೆ ಅದು ‘ಪರವಾಗಿಲ್ಲ, ತಿನ್ನಬಹುದು’ ಅಂದ ಹಾಗೆ. ಧಾರವಾಡದ ಬಾಯಲ್ಲಿ ಅದು ಚೆನ್ನಾಗಿದೆ ಅನ್ನುವುದಕ್ಕೆ ಹತ್ತಿರ. ಇಲ್ಲಿ ತಪ್ಪು ಮಾಡಿದವರೇ ಇಲ್ಲ, ಎರಡೂ ಊರು ತಮ್ಮ ತಮ್ಮ ಕಡೆ ಸರಿ. ಹೀಗೆ ಯಾರದೂ ತಪ್ಪಿಲ್ಲದೆ ಹುಟ್ಟುವ ಗೊಂದಲ ಸಿಕ್ಕರೆ ಮದುವೆ ಮನೆಯ ಸ್ಕಿಟ್‌ಗೆ ಬೇರೇನೂ ಹುಡುಕಬೇಕಿಲ್ಲ.

ಮೂರು ದೃಶ್ಯ ಮಾಡಿ. ಮೊದಲನೆಯದರಲ್ಲಿ ಭಾವ ಎಲೆಯ ಮುಂದೆ ಕೂತಿದ್ದಾರೆ. ಅಮ್ಮ ಬಿಸಿಬೇಳೆಬಾತ್ ಬಡಿಸಿ ‘ಹೇಗಿದೆ?’ ಅಂದರೆ ‘ಅಡ್ಡಿಲ್ರೀ’. ಅಮ್ಮ ಗಾಬರಿಯಾಗಿ ಒಳಗೆ ಹೋಗಿ ತುಪ್ಪದ ಡಬ್ಬಿಯನ್ನೇ ತರುತ್ತಾರೆ. ‘ಈಗ?’ ‘ಅಡ್ಡಿಲ್ರೀ.’ ಎರಡನೇ ದೃಶ್ಯದಲ್ಲಿ ಪಾಯಸ, ಒಬ್ಬಟ್ಟು, ಕೊನೆಗೆ ಪಕ್ಕದ ಮನೆಯಿಂದ ಕಡ ತಂದ ಮೈಸೂರು ಪಾಕು, ಎಲ್ಲಕ್ಕೂ ಅದೇ ಉತ್ತರ. ಭಾವ ಪ್ರತಿ ಸಲವೂ ಇನ್ನಷ್ಟು ಪ್ರೀತಿಯಿಂದ ಹೇಳಬೇಕು, ಅಮ್ಮ ಪ್ರತಿ ಸಲವೂ ಇನ್ನಷ್ಟು ಕುಸಿಯಬೇಕು. ಮೂರನೆಯದರಲ್ಲಿ ಅಮ್ಮ ಸೆರಗಿನಲ್ಲಿ ಕಣ್ಣೊರಸಿಕೊಂಡು ಕೂತಿರುವಾಗ ಧಾರವಾಡದಿಂದ ಬೀಗಿತ್ತಿಯ ಫೋನು: ‘ನಮ್ಮ ಹುಡುಗ ಹುಟ್ಟಿದಾಗಿಂದ ನನ್ನ ಅಡಗೀಗೆ ಬರೇ ಹೂಂ ಅಂತಾನ್ರೀ. ನಿಮ್ಮ ಮನ್ಯಾಗ ಎಲ್ಲಾದಕ್ಕೂ ಅಡ್ಡಿಲ್ಲ ಅಂದಾನಂತ! ಅಂಥಾದ್ದೇನ್ ಮಾಡಿ ಬಡಿಸೀರಿ ನೀವು?’

ಈ ಕೊನೆಯ ಮಾತಿನಿಂದ ಅಮ್ಮನ ಅಡುಗೆಗೆ ಮರ್ಯಾದೆ ಬಂತು, ಭಾವ ಒಳ್ಳೆಯವನಾದ, ಬೀಗಿತ್ತಿಗೆ ಒಂದು ಒಳ್ಳೆಯ ಪಾತ್ರ ಸಿಕ್ಕಿತು. ಒಂದು ಅಪಾಯ ಮಾತ್ರ ಇದೆ. ಮೈಸೂರಿನವರು ಧಾರವಾಡದ ಮಾತನ್ನು ಅನುಕರಿಸಿದರೆ ಎಷ್ಟೇ ಪ್ರೀತಿಯಿಂದ ಮಾಡಿದರೂ ಅಣಕದಂತೆ ಕೇಳುತ್ತದೆ, ಮಾತಿನ ಜಾಡೂ ತಪ್ಪುತ್ತದೆ. ಭಾವನ ಪಾತ್ರವನ್ನೂ ಬೀಗಿತ್ತಿಯ ಪಾತ್ರವನ್ನೂ ಆ ಕಡೆಯವರೇ ಮಾಡಲಿ, ಅವರ ಮಾತುಗಳನ್ನು ಅವರೇ ತಿದ್ದಲಿ. ಅಮ್ಮನ ಪಾತ್ರ ನೀವು ಮಾಡಿ. ಎರಡು ಊರಿನವರು ಒಟ್ಟಿಗೆ ರಿಹರ್ಸಲ್ ಮಾಡುವುದು ಕಷ್ಟ ಅನ್ನಿಸಿದರೆ ಈಗ ತುಂಬಾ ಜನ ಮಾಡುವ ಹಾಗೆ ಮಾತುಗಳನ್ನು ಮೊದಲೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಸಿ ಸೇರಿಸಿಕೊಳ್ಳಿ, ವೇದಿಕೆಯಲ್ಲಿ ಬರೀ ಅಭಿನಯ ಸಾಕು. ಹಾಲಿನಲ್ಲಿ ಸಿಗುವ ಎರಡು ಮೈಕನ್ನು ಐದು ಜನ ಕೈ ಬದಲಾಯಿಸುವ ಗೊಂದಲ ತಪ್ಪುತ್ತದೆ. ಆದರೆ ರೆಕಾರ್ಡಿಂಗ್ ನಗುವಿಗಾಗಿ ಕಾಯುವುದಿಲ್ಲ, ಆದ್ದರಿಂದ ಪ್ರತಿ ‘ಅಡ್ಡಿಲ್ರೀ’ ಆದ ಮೇಲೆ ನಾಲ್ಕೈದು ಸೆಕೆಂಡು ಖಾಲಿ ಬಿಟ್ಟೇ ಜೋಡಿಸಿ. ಎಲ್ಲ ಸೇರಿ ಆರೇಳು ನಿಮಿಷ ದಾಟದಿರಲಿ.

ಬರೆದಾದ ಮೇಲೆ ಅಕ್ಕನಿಗೂ ಭಾವನಿಗೂ ಪೂರ್ತಿ ತೋರಿಸಬೇಕಿಲ್ಲ, ಅವರಿಗೆ ಆ ರಾತ್ರಿಯ ಸೊಗಸು ಉಳಿಯಲಿ. ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ: ‘ಏನು ಬರಬಾರದು?’ ಹೇಳಿದ್ದನ್ನು ಕಾರಣ ಕೇಳದೆ ಬಿಟ್ಟುಬಿಡಿ. ಕಾರಣ ಕೇಳಿದರೆ ಅದೇ ಒಂದು ಹಿಂಸೆ. ಆಮೇಲೆ ಭಾವನ ಅಕ್ಕತಂಗಿಯರಲ್ಲಿ ಒಬ್ಬರಿಗೆ, ನಿಮ್ಮ ಅಮ್ಮನಿಗೆ, ಹಾಡನ್ನೂ ಸ್ಕಿಟ್ಟನ್ನೂ ಗಟ್ಟಿಯಾಗಿ ಓದಿ ಹೇಳಿ. ವಾಟ್ಸಾಪಿನಲ್ಲಿ ಕಳಿಸಬೇಡಿ, ಮುಖ ಕಾಣಬೇಕು. ಒಂದು ಸಾಲಿಗೆ ಅವರು ‘ಪರವಾಗಿಲ್ಲ ಬಿಡು, ತಮಾಷೆಗೆ ತಾನೇ’ ಅಂದರೆ ಆ ಸಾಲು ಹೋಗಬೇಕು. ಅದು ನೊಂದವರು ನಿಮಗೆ ಬೇಜಾರಾಗದಿರಲಿ ಅಂತ ಹೇಳುವ ಮಾತು. ಸಾಲು ಸರಿಯಿದ್ದರೆ ಅವರು ಅಲ್ಲೇ ತಮ್ಮದೊಂದು ಪ್ರಸಂಗ ಸೇರಿಸುತ್ತಾರೆ: ‘ಅಯ್ಯೋ, ಎಸ್ಸೆಸ್ಸೆಲ್ಸಿ ಪರೀಕ್ಷೆಗೂ ಹಿಂಗ ಐದು ನಿಮಿಷ ಅಂದಿದ್ದ.’ ಅದನ್ನು ಬರೆದುಕೊಳ್ಳಿ, ಮೂರನೇ ಚರಣ ಸಿಕ್ಕಿತು. ಪರದೆಯ ಮೇಲೆ ಹಳೆಯ ಫೋಟೊ ಹಾಕುವವರಿದ್ದರೆ ಅವನ್ನೂ ಈ ಇಬ್ಬರಿಗೇ ತೋರಿಸಿ. ಕಾಲೇಜಿನ ಗುಂಪು ಫೋಟೊದಲ್ಲಿ ಪಕ್ಕ ನಿಂತವರು ಯಾರು ಅಂತ ನಿಮಗೆ ಗೊತ್ತಿರುವುದಿಲ್ಲ.

ಕೊನೆಯದಾಗಿ ತಿರುಗಿ ಹಾಡುವ ಅವಕಾಶ. ಉತ್ತರ ಕರ್ನಾಟಕದ ಮದುವೆಯಲ್ಲಿ ಹೆಂಡತಿ ಗಂಡನ ಹೆಸರನ್ನು ಪ್ರಾಸ ಕಟ್ಟಿ ಹೇಳುವ ಒಡಪು ಇದೆ. ನಿಮ್ಮ ಹಾಡು ಮುಗಿದ ಕೂಡಲೇ ‘ಈಗ ಒಡಪು’ ಅಂತ ಮೈಕನ್ನು ಅಕ್ಕನ ಕೈಗೆ ಕೊಡಿ. ಅವಳಿಗೆ ಎರಡು ದಿನ ಮುಂಚೆ ಬರೀ ಇಷ್ಟು ಹೇಳಿರಿ: ‘ಒಂದು ಒಡಪು ಕಲಿತಿರು, ಭಾವ ಯಾವಾಗಲೂ ತಡ ಅನ್ನೋದು ಅದರಲ್ಲಿ ಬರಲಿ.’ ಭಾವನ ತಾಯಿಯ ಹತ್ತಿರವೇ ಕಲಿತರೆ ಇನ್ನೂ ಚೆನ್ನ. ಅವರಿಗೆ ಹೊಸದು ಬೇಕಾದರೆ ಇದನ್ನು ಕೊಡಿ, ಭಾವನ ಹೆಸರು ಮಾತ್ರ ಸೇರಿಸಿಕೊಳ್ಳಲಿ:

ಕಾಫಿ ಆರಿದ್ರ ಆರ್ಲಿ, ಚಹಾ ಇಟ್ಟೇನಿ ಒಲಿ ಮ್ಯಾಲ
ಐದು ನಿಮಿಷದ ನಮ್ಮ ರಾಯರು ಇನ್ನ ಹೊರಗ ಇಡೂದಿಲ್ಲ ಕಾಲ.

ಮೈಸೂರಿನ ಹುಡುಗಿ ಅತ್ತೆ ಕಲಿಸಿದ ಮಾತನ್ನು ತಡವರಿಸಿ ಹೇಳುವಾಗ ಧಾರವಾಡದ ಸಾಲಿನಿಂದ ಯಾರಾದರೂ ಎದ್ದು ತಿದ್ದಿಯೇ ತಿದ್ದುತ್ತಾರೆ. ತಿದ್ದಲಿ. ಭಾವನ ಪಕ್ಕದಲ್ಲಿ ಇನ್ನೊಂದು ಮೈಕು ಆನ್ ಆಗಿಯೇ ಇರಲಿ, ಅವರು ಅದಕ್ಕೆ ಏನು ಹೇಳುತ್ತಾರೆ ಅಂತ ನನಗೆ ಈಗಲೇ ಗೊತ್ತು, ನಿಮಗೂ ಗೊತ್ತಿರಬೇಕು: ‘ಅಡ್ಡಿಲ್ರೀ.’